ಡಬ್ಬಿಯ ಮೇಲಿನ 500 ಕೋಟಿ ಯಾವ ದಿನದ ಲೆಕ್ಕ?

ಕಳೆದ ತಿಂಗಳು ಆಂಟಿಬಯಾಟಿಕ್ ತೆಗೆದುಕೊಂಡು ನಮ್ಮ ನಾನಿಗೆ ಹೊಟ್ಟೆ ಕೆಟ್ಟಿತು. ಡಾಕ್ಟರು ಪ್ರೋಬಯಾಟಿಕ್ ಕೊಡಲು ಹೇಳಿದರು. ಅಂಗಡಿಯಲ್ಲಿ ಎರಡು ಡಬ್ಬಿಗಳಿದ್ದವು. ಒಂದರ ಮೇಲೆ 5 ಬಿಲಿಯನ್ ಸಿಎಫ್‌ಯು, ಇನ್ನೊಂದರ ಮೇಲೆ 2 ಬಿಲಿಯನ್. ಮೊದಲನೆಯದಕ್ಕೆ ರಿಯಾಯಿತಿಯೂ ಇತ್ತು, ಅಬ್ಬಾ ಅದನ್ನೇ ತಂದರು. ಎಕ್ಸ್‌ಪೈರಿಗೆ ಒಂದೇ ತಿಂಗಳು ಬಾಕಿ ಇದ್ದುದನ್ನು ನಾನು ಮನೆಯಲ್ಲಿ ನೋಡಿದೆ.

ಸಿಎಫ್‌ಯು ಎಂದರೆ ಕಾಲೊನಿ ಫಾರ್ಮಿಂಗ್ ಯೂನಿಟ್. ಪುಡಿಯನ್ನು ಹಲವು ಬಾರಿ ತೆಳುವಾಗಿಸಿ, ಆಹಾರವಿರುವ ತಟ್ಟೆಯ ಮೇಲೆ ಹರಡಿ, ಬೆಚ್ಚಗೆ ಇಡುತ್ತಾರೆ. ಜೀವಂತ ಬ್ಯಾಕ್ಟೀರಿಯಾ ಬಿದ್ದಲ್ಲಿ ಅದು ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಆ ಚುಕ್ಕೆಗಳನ್ನು ಎಣಿಸುತ್ತಾರೆ. ಸತ್ತದ್ದು ಬೆಳೆಯುವುದಿಲ್ಲ, ಹಾಗಾಗಿ ಲೆಕ್ಕಕ್ಕೆ ಬರುವುದಿಲ್ಲ. 5 ಬಿಲಿಯನ್ ಎಂದರೆ 500 ಕೋಟಿ. ಆದರೆ ಅದು ಎಣಿಸಿದ ದಿನದ ಲೆಕ್ಕ.

ನಮ್ಮ ಡಬ್ಬಿಯಲ್ಲಿ ಸಣ್ಣ ಅಕ್ಷರದಲ್ಲಿ ‘ತಯಾರಿಕೆಯ ಸಮಯದಲ್ಲಿ’ ಎಂದಿತ್ತು. ಡಬ್ಬಿಯೊಳಗೂ ಬ್ಯಾಕ್ಟೀರಿಯಾ ಸಾಯುತ್ತಲೇ ಇರುತ್ತವೆ. ಸೆಕೆ, ತೇವ ಹೆಚ್ಚಿದರೆ ಇನ್ನೂ ಬೇಗ ಸಾಯುತ್ತವೆ. ಇದು ನಾವು ಅಕೌಂಟೆನ್ಸಿಯಲ್ಲಿ ಕಲಿಯುವ ಸವಕಳಿಯ ಹಾಗೆಯೇ. ಡಿಮಿನಿಷಿಂಗ್ ಬ್ಯಾಲೆನ್ಸ್ ಪದ್ಧತಿಯಂತೆ, ಪ್ರತಿ ಸಲ ಉಳಿದದ್ದರ ಒಂದು ಪಾಲು ಹೋಗುತ್ತದೆ. ತಿಂಗಳಿಗೆ ಶೇಕಡಾ 20 ಸಾಯುತ್ತವೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. 500 ಕೋಟಿ ಮೊದಲ ತಿಂಗಳಿಗೆ 400, ಎರಡನೆಯದಕ್ಕೆ 320, ವರ್ಷಕ್ಕೆ ಸುಮಾರು 34, ಹದಿನೆಂಟನೇ ತಿಂಗಳಿಗೆ ಸುಮಾರು 9 ಕೋಟಿ. ನಿಜವಾದ ದರ ತಳಿ ಮತ್ತು ಪ್ಯಾಕಿಂಗ್ ಮೇಲೆ ನಿಂತಿದೆ. ಅದನ್ನು ಲೇಬಲ್ ಹೇಳುವುದಿಲ್ಲ.

ಎರಡನೇ ಡಬ್ಬಿಯ ಮೇಲೆ ‘ಎಕ್ಸ್‌ಪೈರಿವರೆಗೆ ಕನಿಷ್ಠ 2 ಬಿಲಿಯನ್’ ಎಂದಿತ್ತು. ಈ ಮಾತು ಉಳಿಸಿಕೊಳ್ಳಬೇಕಾದರೆ ಕಂಪನಿ ಮೊದಲೇ ಹೆಚ್ಚು ತುಂಬಿರಬೇಕು. ಅಂದರೆ ಸವಕಳಿಯ ನಷ್ಟ ತಯಾರಕರದ್ದು. ಮೊದಲ ಡಬ್ಬಿಯಲ್ಲಿ ಆ ನಷ್ಟ ನಮ್ಮದು. 2011ರ ಐಸಿಎಂಆರ್ ಮತ್ತು ಡಿಬಿಟಿ ಮಾರ್ಗಸೂಚಿಯೂ ಬಾಳಿಕೆ ಅವಧಿಯ ಕೊನೆಯಲ್ಲಿ ಉಳಿಯುವ ಕನಿಷ್ಠ ಸಂಖ್ಯೆಯನ್ನೇ ಲೇಬಲ್‌ನಲ್ಲಿ ಕೇಳುತ್ತದೆ.

ಅದೇ ಮಾರ್ಗಸೂಚಿ ತಳಿಯ ಹೆಸರನ್ನೂ ಕೇಳುತ್ತದೆ. ‘ಲ್ಯಾಕ್ಟೊಬ್ಯಾಸಿಲಸ್ ರ್ಯಾಮ್ನೋಸಸ್ ಜಿಜಿ’ ಎಂಬುದರಲ್ಲಿ ಮೊದಲನೆಯದು ಕುಲ, ಎರಡನೆಯದು ಪ್ರಭೇದ, ಕೊನೆಯ ‘ಜಿಜಿ’ ತಳಿ. ಕಾಲೇಜು, ತರಗತಿ, ರಿಜಿಸ್ಟರ್ ನಂಬರ್ ಇದ್ದ ಹಾಗೆ. ರಿಜಿಸ್ಟರ್ ನಂಬರ್ ಇಲ್ಲದೆ ಅಂಕ ಯಾರದೆಂದು ಗೊತ್ತಾಗುವುದಿಲ್ಲ. ಹಾಗೆಯೇ ಜಿಜಿ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವನ್ನು ಬರೀ ‘ರ್ಯಾಮ್ನೋಸಸ್’ ಎಂದಿರುವ ಡಬ್ಬಿಗೆ ಹಚ್ಚುವಂತಿಲ್ಲ. ನಮ್ಮ ಡಬ್ಬಿಯಲ್ಲಿ ತಳಿಯ ಹೆಸರೂ ಇರಲಿಲ್ಲ.

ಮರುದಿನ ಅಬ್ಬಾ ಡಾಕ್ಟರಿಗೆ ಫೋನ್ ಮಾಡಿ ತಳಿಯ ಹೆಸರು ಬರೆದುಕೊಂಡರು. ಅಂಗಡಿಯವರು ಒಡೆದ ಡಬ್ಬಿ ವಾಪಸ್ ಪಡೆಯಲಿಲ್ಲ. ಹೊಸದನ್ನು ತಂದಾಗ ಮೊದಲು ಓದಿದವರು ಅಬ್ಬಾ. ‘25 ಡಿಗ್ರಿಗಿಂತ ಕೆಳಗೆ ಇಡಿ’ ಎಂದಿತ್ತು. ಒಲೆಯ ಮೇಲಿನ ಶೆಲ್ಫಿನಿಂದ ತೆಗೆದು ಒಳಗಿನ ತಂಪು ಕೋಣೆಯಲ್ಲಿಟ್ಟರು.