ಎಂಬತ್ತರ ಅಜ್ಜನಿಗೊಂದು ಹಾಡು ಕಟ್ಟುವಾಗ

ಪುಟ್ಟೀ, ನೀನು ಕಳಿಸಿದ ಹಾಡು ಓದಿದೆ. ಪ್ರಾಸ ಚೆನ್ನಾಗಿದೆ. ಆದರೆ ಅದರಲ್ಲಿ ನಿನ್ನ ಅಜ್ಜನೇ ಇಲ್ಲ. ಪ್ರೀತಿಯ ಕಡಲು, ಆಲದ ಮರ, ಮನೆಯ ದೀಪ, ನೂರ್ಕಾಲ ಬಾಳಿ ಎಂದೆಲ್ಲ ಬರೆದಿದ್ದೀಯ. ಪಕ್ಕದ ಮನೆಯವರು ಅದನ್ನೇ ತೆಗೆದುಕೊಂಡು ಹೋಗಿ ತಮ್ಮ ಅಜ್ಜನ ಮುಂದೆ ಹಾಡಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ. ನಿನ್ನ ಅಜ್ಜ ಕೇಳಿ ಕೈಮುಗಿದು ‘ಚೆನ್ನಾಗಿತ್ತು’ ಅನ್ನುತ್ತಾನೆ, ಆಮೇಲೆ ಊಟಕ್ಕೆ ಏಳುತ್ತಾನೆ. ಅವನು ಏಳಬೇಕಾದದ್ದು ಊಟಕ್ಕಲ್ಲ, ‘ಏಯ್, ಅದು ಹಾಗಲ್ಲ’ ಎಂದು ನಿಮ್ಮನ್ನು ತಿದ್ದುವುದಕ್ಕೆ.

ಅದಕ್ಕೆ ಏನು ಮಾಡಬೇಕು ಎಂದು ಹೇಳುತ್ತೇನೆ. ಮಕ್ಕಳಿಗೆ ಕನ್ನಡ ಕಲಿಸಿದ ಹಳೇ ಮೇಷ್ಟರಮ್ಮ ನಾನು, ಜೊತೆಗೆ ಅವನ ತಂಗಿ. ಅವನ ಕಥೆಗಳಲ್ಲಿ ಅರ್ಧ ನಡೆದಾಗ ನಾನೂ ಅಲ್ಲೇ ಇದ್ದೆ.

ಮೊದಲು ಕೀಟಲೆಯ ವಿಷಯ. ಕೀಟಲೆ ಮಾಡಿ ಹಾಡುವುದು ನಮಗೆ ಹೊಸತೇನಲ್ಲ. ಮದುವೆ ಮನೆಯಲ್ಲಿ ಬೀಗರ ಹಾಡು ಹಾಡುತ್ತಿದ್ದೆವು. ಬೀಗರು ತಿಂದ ಕಡುಬಿನ ಲೆಕ್ಕ, ಬೀಗಿತ್ತಿಯ ಸೀರೆಯ ತೂತು, ಏನೂ ಬಿಡುತ್ತಿರಲಿಲ್ಲ. ಯಾರೂ ಸಿಟ್ಟಾಗುತ್ತಿರಲಿಲ್ಲ, ಯಾಕೆಂದರೆ ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿರುತ್ತಿತ್ತು. ನಿಜವಾಗಿಯೂ ಸೀರೆ ಹರಿದಿದ್ದವಳ ಮುಂದೆ ಆ ಸಾಲನ್ನು ನುಂಗಿಕೊಳ್ಳುವಷ್ಟು ವಿವೇಕ ಹಾಡುವ ಹೆಂಗಸರಿಗೆ ಇತ್ತು. ನಿನ್ನ ಹಾಡಿಗೂ ಇದೇ ಅಳತೆ. ಅಣ್ಣನಿಗೆ ಕಿವಿ ಮಂದ, ಮಂಡಿ ನೋವು, ಮೊನ್ನೆ ಮೊನ್ನೆ ಹೆಸರು ಮರೆತ. ಇವು ನಿಜ, ಹಾಗಾಗಿ ಹಾಡಿಗೆ ಬೇಡ. ಅವನು ಕಥೆ ಹೇಳುವಾಗ ಉಬ್ಬಿಸುತ್ತಾನಲ್ಲ, ಆ ಉಬ್ಬಿನ ಮೇಲೆ ಎಷ್ಟು ಬೇಕಾದರೂ ಕೈ ಆಡಿಸು. ಅವನು ಹೇಳುವ ರೀತಿಯನ್ನು ಕೆಣಕು, ಹೇಳಿದ ಸಂಗತಿಯನ್ನು ಹಾಗೇ ಉಳಿಸು.

ಕಥೆಗಳು ಎರಡು ಸಾಕು. ಆಣೆಯ ಕಥೆ ಒಂದು, ಬಾಗಿಲಿನ ಕಥೆ ಇನ್ನೊಂದು. ಹುಣ್ಣಿಮೆಯದೊಂದು ಪದ್ಯ ಪೀಠಿಕೆಗೆ.

ಆಣೆಯ ಕಥೆಯನ್ನು ನೀನು ಕೇಳಿದ್ದೀಯ, ಆದರೆ ಅದರೊಳಗಿನ ಲೆಕ್ಕ ಹಿಡಿದಿಲ್ಲ. 1957ರ ಏಪ್ರಿಲ್ 1ಕ್ಕೆ ನಯೇ ಪೈಸೆ ಬಂತು. ಅಣ್ಣ 1945ರವನು, ಅಂದರೆ ಹನ್ನೆರಡು ತುಂಬದ ಪೋರ. ಅದುವರೆಗೆ ರೂಪಾಯಿಗೆ ಹದಿನಾರಾಣೆ, ಅಂದಿನಿಂದ ನೂರು ಪೈಸೆ. ಹಳೆಯ ನಾಣ್ಯವೂ ಇನ್ನೂ ನಡೆಯುತ್ತಿತ್ತು. ಒಂದಾಣೆಗೆ ಸರಿಯಾಗಿ ಆರೂಕಾಲು ಪೈಸೆ ಆಗಬೇಕು, ಕಾಲು ಪೈಸೆಯ ನಾಣ್ಯ ಎಲ್ಲಿದೆ? ಅದಕ್ಕೇ ಸರ್ಕಾರದ ಕೋಷ್ಟಕದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಮಾಡಿದ್ದರು. ಈಗ ನೋಡು: ಮೂರು ಹುಡುಗರು ಒಂದೊಂದಾಣೆ ಬಿಡಿಬಿಡಿಯಾಗಿ ಕೊಟ್ಟರೆ ಹದಿನೆಂಟೇ ಪೈಸೆ. ಅದೇ ಮೂರನ್ನು ಒಟ್ಟು ಮಾಡಿ ಕೊಟ್ಟರೆ ಹತ್ತೊಂಬತ್ತು. ನಿನ್ನ ಅಜ್ಜ ಗೆಳೆಯರ ಆಣೆಗಳನ್ನೆಲ್ಲ ಕೂಡಿಸಿ ಮೂರು ಮೂರರಂತೆ ಅಂಗಡಿಗೆ ಒಯ್ದು, ಸಲಕ್ಕೊಂದು ಪೈಸೆ ತಾನಿಟ್ಟುಕೊಂಡ. ಇಷ್ಟೇ ನಿಜ. ಒಟ್ಟು ಎಷ್ಟು ಗಳಿಸಿದನೋ ನನಗೆ ಗೊತ್ತಿಲ್ಲ, ನನಗೊಂದು ಪೆಪ್ಪರಮಿಂಟು ಕೊಡಿಸಿದ್ದು ಮಾತ್ರ ನೆನಪಿದೆ. ನಾನು ಕೇಳುತ್ತ ಬಂದಂತೆ ಆ ಲಾಭ ಮೊದಲು ಒಂದು ರೂಪಾಯಿಯಾಯಿತು, ಆಮೇಲೆ ಹತ್ತಾಯಿತು, ಈಗೀಗ ಅಂಗಡಿಯವನೇ ಇವನ ಹತ್ತಿರ ಸಾಲ ಕೇಳುತ್ತಿದ್ದನಂತೆ. ಕೀಟಲೆ ಕೂರಬೇಕಾದ ಜಾಗ ಅದು.

ಇಂಥ ವಿವರ ಬೇಕಾದರೆ ‘ಅಜ್ಜ, ನಿಮ್ಮ ಹಳೇ ಕಥೆ ಹೇಳಿ’ ಎಂದು ಕೇಳಬೇಡ. ಆಗ ಅವನು ಸಭೆಗೆ ಹೇಳುವಂತೆ ಹೇಳುತ್ತಾನೆ, ಒಳಗಿನದ್ದು ಬರುವುದಿಲ್ಲ. ಎಲೆ ಅಡಿಕೆ ಹಾಕಿಕೊಂಡು ಕೂತ ಹೊತ್ತು ನೋಡಿ, ‘ಅಜ್ಜ, ಎರಡಾಣೆಗೆ ಹದಿಮೂರು ಪೈಸೆ ಅಲ್ವಾ?’ ಎಂದು ತಪ್ಪಾಗಿ ಹೇಳು. ಅವನು ಸುಮ್ಮನಿರಲಾರ. ತಿದ್ದುವ ಭರದಲ್ಲಿ ಅಂಗಡಿಯ ಹಲಗೆ, ಪೆಪ್ಪರಮಿಂಟಿನ ಡಬ್ಬಿ, ಆ ಸಾಹುಕಾರನ ಬೈಗುಳ ಎಲ್ಲ ಹೊರಗೆ ಬೀಳುತ್ತವೆ.

ಇನ್ನು ಛಂದಸ್ಸು. ನಿನಗೆ ಭಾಮಿನಿ ಷಟ್ಪದಿಯಲ್ಲಿ ಬರೆಯುವ ಆಸೆ ಎಂದು ನಿನ್ನ ಅಮ್ಮ ಹೇಳಿದಳು. ಅಣ್ಣನಿಗೆ ಗಮಕ ಇಷ್ಟ, ನಿಜ. ಆದರೆ ಭಾಮಿನಿಯ ನಾಲ್ಕು ಸಾಲು ಮೂರು-ನಾಲ್ಕರ ನಡೆಯಲ್ಲಿ ಹದಿನಾಲ್ಕು ಮಾತ್ರೆ, ಮೂರನೆಯದೂ ಆರನೆಯದೂ ಇಪ್ಪತ್ತಮೂರು ಮಾತ್ರೆ. ಒಬ್ಬರು ರಾಗವಾಗಿ ಓದುವುದಕ್ಕೆ ಅದು ಸರಿ. ಹತ್ತು ಮಂದಿ ಮೊಮ್ಮಕ್ಕಳು ಚಪ್ಪಾಳೆ ತಟ್ಟಿ ಹಾಡುವಾಗ ಉದ್ದದ ಸಾಲಿನ ಮಧ್ಯೆ ಅರ್ಧ ಮಂದಿ ಬಿಟ್ಟುಹೋಗುತ್ತಾರೆ. ನಾಲ್ಕು ಮಾತ್ರೆಯ ಗಣ ಇಟ್ಟುಕೋ, ಸಾಲಿಗೆ ನಾಲ್ಕು ಗಣ, ಗಣಕ್ಕೊಂದು ಚಪ್ಪಾಳೆ. ಸಾಲಿನ ಕೊನೆಯ ಲಘುವನ್ನು ಎಳೆದು ಗುರು ಮಾಡಿಕೊಳ್ಳಬಹುದು. ಎರಡನೆಯ ಅಕ್ಷರಕ್ಕೆ ಪ್ರಾಸ ಇಡು. ಸಾಲು ಶುರುವಾದೊಡನೆ ಪ್ರಾಸ ಬಿದ್ದರೆ ಚಿಕ್ಕ ಮಕ್ಕಳಿಗೆ ಮುಂದಿನ ಸಾಲು ತಾನಾಗಿ ನೆನಪಾಗುತ್ತದೆ.

ಪೀಠಿಕೆಯ ಪದ್ಯ ನಾನೇ ಕಟ್ಟಿದ್ದೇನೆ:

ಎಂಬತ್ತಾದರು ಸಾವಿರ ಹುಣ್ಣಿಮೆ
ತುಂಬಲು ಇನ್ನೂ ಹತ್ತೇ ಬಾಕಿ
ಕಂಬಳಿ ಹೊದ್ದೇ ಎಣಿಸುವ ಅಜ್ಜ
ನಂಬರು ಹೇಳಿದ ಪಂಚಾಂಗವನೂ

ಹತ್ತು ಎಂದದ್ದು ಪ್ರಾಸಕ್ಕಾಗಿ ಅಲ್ಲ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ ಚಿಲ್ಲರೆ. ಎಂಬತ್ತು ವರ್ಷ ಅಂದರೆ ಸುಮಾರು 29,220 ದಿನ. ಭಾಗಿಸಿದರೆ 989 ಹುಣ್ಣಿಮೆ ಬರುತ್ತದೆ, ಸಾವಿರಕ್ಕೆ ಹತ್ತು-ಹನ್ನೊಂದು ಕಡಿಮೆ. ಸಹಸ್ರ ಚಂದ್ರ ದರ್ಶನದ ಶಾಂತಿಯನ್ನು ಎಂಬತ್ತು ದಾಟಿ ಎಂಟು ತಿಂಗಳ ಹೊತ್ತಿಗೆ ಇಟ್ಟುಕೊಳ್ಳುವುದು ಇದಕ್ಕೇ. ಕಟ್ಟುನಿಟ್ಟಾಗಿ ಎಣಿಸಿದರೆ ಇನ್ನೂ ಒಂದೆರಡು ತಿಂಗಳು ಹಿಡಿಯುತ್ತದೆ. ಅಣ್ಣ ಈ ಲೆಕ್ಕವನ್ನು ಬೆರಳು ಮಡಚಿ ಮಾಡುತ್ತಾನೆ, ಜಗಲಿ ಬಿಟ್ಟು ಅಂಗಳಕ್ಕೆ ಮಾತ್ರ ಇಳಿಯುವುದಿಲ್ಲ. ಹಾಗಾಗಿ ಕಂಬಳಿ.

ಆಣೆಯ ಪದ್ಯಕ್ಕೆ ನಿನ್ನ ಕೊನೆಯ ಸಾಲು ‘ಭಾರೀ ಸಾಹುಕಾರನು ಅಜ್ಜ’ ಎಂದಿತ್ತು. ಚಪ್ಪಾಳೆ ತಟ್ಟಿ ನೋಡು. ‘ಭಾರೀ’ ನಾಲ್ಕು ಮಾತ್ರೆ, ಸರಿ. ‘ಸಾಹು’ ಮೂರು, ನಾಲ್ಕನೆಯ ಮಾತ್ರೆಗೆ ಕೈ ಕಾದಿರುವಾಗ ‘ಕಾ’ ಎಂಬ ಗುರು ಬಂದು ಎರಡು ಮಾತ್ರೆ ಆಯಿತು, ಗಣ ಐದಕ್ಕೆ ಏರಿತು. ಹಾಡುವವರಿಗೆ ಇದರ ಹೆಸರು ಗೊತ್ತಿಲ್ಲದಿದ್ದರೂ ನಾಲಿಗೆ ಅಲ್ಲಿ ಎಡವುತ್ತದೆ. ಅಣ್ಣ ಬಾಯಲ್ಲಿ ಹೇಳುವುದು ಸಾವ್ಕಾರ್ ಎಂದೇ ಅಲ್ಲವೆ? ಸಾವ್ ಎರಡು, ಕಾರ್ ಎರಡು. ಅವನ ಉಚ್ಚಾರಣೆಯೇ ನಿನ್ನ ಛಂದಸ್ಸನ್ನು ಉಳಿಸಿತು:

ಮೂರಾಣೆಗೆ ಹತ್ತೊಂಬತ್ ಪೈಸೆ
ಸೇರಿಸಿ ಕೊಟ್ಟರೆ ಒಂದೇ ಲಾಭ
ಊರಿಗೆ ಊರೇ ಕೊಂಡೆನು ಎನ್ನುವ
ಭಾರೀ ಸಾವ್ಕಾರ್ ನಮ್ಮಯ ಅಜ್ಜ

ಬಾಗಿಲಿನ ಕಥೆ ಬೇರೆ ಜಾತಿಯದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ನೀರು ನಮ್ಮ ಊರಿಗೆ ಬಂದಾಗ ಅಣ್ಣನಿಗೆ ಹತ್ತೊಂಬತ್ತು. 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನೊಳಗೆ ಹೋಯಿತು, ನಮ್ಮ ಮನೆ ಯಾವ ಲೆಕ್ಕ? ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಆ ಹಳೆಯ ಕಟ್ಟೆ ಮೇಲೆ ಕಾಣಿಸುತ್ತದೆ, ಜನ ನೋಡಲು ಹೋಗುತ್ತಾರೆ. ಅಣ್ಣ ಹೋಗುವುದಿಲ್ಲ. ಊರು ಬಿಡುವಾಗ ಮನೆಯ ಹೆಬ್ಬಾಗಿಲನ್ನು ದಾರಂದದ ಸಮೇತ ಕಿತ್ತು ತಂದೆವು. ಈಗ ನೀವು ಓಡಾಡುವ ಬಾಗಿಲು ಅದೇ. ಹಳೇ ಕಾಲದ್ದು, ತಗ್ಗು. ನಿನ್ನಣ್ಣ ವರ್ಷಕ್ಕೊಮ್ಮೆ ಹಣೆ ಬಡಿಸಿಕೊಳ್ಳುತ್ತಾನೆ.

ಆ ಬಾಗಿಲನ್ನು ತಾನೇ ಹೊತ್ತು ತಂದೆ ಎಂದು ಅಣ್ಣ ಹೇಳುತ್ತಾನೆ. ಬಂದದ್ದು ಎತ್ತಿನ ಗಾಡಿಯಲ್ಲಿ. ನಾಲ್ಕು ಆಳು ಸೇರಿ ಏರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಈ ಉಬ್ಬನ್ನು ಮುಟ್ಟಬೇಡ. ಆಣೆಯ ಕಥೆಯಲ್ಲಿ ಅವನು ನಗಿಸಲು ಉಬ್ಬಿಸುತ್ತಾನೆ, ತಾನೂ ನಗುತ್ತಾನೆ. ಇಲ್ಲಿ ನಗುವುದಿಲ್ಲ. ಹೇಗೆ ಗೊತ್ತಾಗುತ್ತದೆ ಅಂದರೆ, ಆಣೆಯ ಕಥೆ ಸಲಕ್ಕೊಂದು ತರ ಇರುತ್ತದೆ. ಬಾಗಿಲಿನದು ಅವೇ ಮಾತು, ಅದೇ ಕ್ರಮ, ಒಂದು ಪದ ಕದಲುವುದಿಲ್ಲ. ಕದಲದ ಕಥೆಯನ್ನು ತಿದ್ದಲು ಹೋಗಬಾರದು. ಹಾಡಿನಲ್ಲಿ ಅವನೇ ಹೊರಲಿ:

ಬಾಗಿಲ ಹೊತ್ತೇ ಬಂದರು ಅಜ್ಜ
ಸಾಗರವಾಯಿತು ಹುಟ್ಟಿದ ಊರು
ಈಗಲು ಅದರಲೆ ನಮ್ಮಯ ದಾರಿ
ಹೋಗಲು ಬರಲೂ ತಲೆ ಬಾಗುವುದು

ಇದರಲ್ಲಿ ತ್ಯಾಗ, ಕಣ್ಣೀರು, ಮುಳುಗಿದ ನೆನಪು ಎಂಬ ಮಾತು ಒಂದೂ ಇಲ್ಲ ಎಂದು ನಿನಗೆ ಬೇಸರವಾಗಬಹುದು. ಸೇರಿಸಬೇಡ. ಅವನ ಮುಂದೆ ಕೂತವರಲ್ಲಿ ಅರ್ಧ ಮಂದಿ ಆ ನೀರು ನೋಡಿದವರು, ಅವರಿಗೆ ಹೇಳಿಕೊಡುವುದು ಏನೂ ಇಲ್ಲ. ಸಾಗರ ಎಂದಾಗ ತಾಲ್ಲೂಕಿನ ಹೆಸರೂ ಬಂತಲ್ಲ, ಅದಕ್ಕೆ ಒಬ್ಬಿಬ್ಬರು ತಲೆ ಆಡಿಸಿದರೆ ಸಾಕು.

ಹಾಡುವ ದಿನದ ಬಗ್ಗೆ ಎರಡು ಮಾತು. ವಯಸ್ಸಾದವರ ಕಿವಿಗೆ ಮೊದಲು ಕೇಳಿಸದಂತಾಗುವುದು ಎತ್ತರದ ದನಿ. ಪುಟಾಣಿಗಳು ಕಿರುಚಿದಷ್ಟೂ ಅವನಿಗೆ ಅಕ್ಷರ ತಿಳಿಯುವುದಿಲ್ಲ. ದನಿ ಒಡೆದ ದೊಡ್ಡ ಹುಡುಗರು ತಗ್ಗು ಶ್ರುತಿಯಲ್ಲಿ ಮುಂದಾಳಾಗಿ ಹಾಡಲಿ, ಎಲ್ಲರೂ ಅವನಿಗೆ ಮುಖ ಕೊಟ್ಟು ನಿಲ್ಲಿ, ತುಟಿ ಕಾಣಲಿ. ಹಾರ್ಮೋನಿಯಂ ಶ್ರುತಿಗಷ್ಟೇ, ನಿನ್ನ ಮಾವ ನುಡಿಸಲು ಶುರುಮಾಡಿದರೆ ಮಾತು ಮುಚ್ಚಿಹೋಗುತ್ತದೆ, ಅವನಿಗೆ ಬೇರೆ ಕೆಲಸ ಕೊಡು.

ಎರಡನೆಯ ಪದ್ಯ ಮುಗಿದ ಮೇಲೆ ಜಾಗ ಬಿಡು. ‘ಒಂದೇ ಲಾಭ’ ಎಂಬುದನ್ನು ಅವನು ಖಂಡಿತ ಒಪ್ಪುವುದಿಲ್ಲ, ಎದ್ದು ಲೆಕ್ಕ ಹೇಳಲು ಶುರುಮಾಡುತ್ತಾನೆ. ‘ಅಜ್ಜ, ಹಾಡು ಮುಗೀಲಿ’ ಎಂದು ಯಾರಾದರೂ ಕೂರಿಸಲು ಹೋದರೆ ಅವರನ್ನು ನೀನು ಕೂರಿಸು. ಕಥೆ ಪೂರ್ತಿ ಆಗಲಿ, ಅಂಗಡಿಯವನು ಸಾಲ ಕೇಳಿದ್ದೂ ಬರಲಿ. ಆಮೇಲೆ ಬಾಗಿಲಿನ ಪದ್ಯ ಎತ್ತಿಕೊಳ್ಳಿ. ಊಟ ತಡವಾದರೆ ಅಡಿಗೆಯವರಿಗೆ ನಾನು ಹೇಳಿಕೊಳ್ಳುತ್ತೇನೆ.