ಜಾತ್ರೆಯ ಜಾಗರಣೆ ಮುಗಿಯಲಿ, ಆಮೇಲೆ ಉಗುಳು ಕೊಡಿ

ಮುಖ ದುಂಡಗಾಗಿ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ ಮೂಡಿದವರಿಗೆ ಡಾಕ್ಟರು ಕಾರ್ಟಿಸೋಲ್ ಪರೀಕ್ಷೆ ಬರೆದುಕೊಡಬಹುದು. ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನುಂಗಿ, ಮರುದಿನ ಬೆಳಿಗ್ಗೆ 8ಕ್ಕೆ ರಕ್ತ ಕೊಡಬೇಕು. ಅರ್ಧ ಮಿಲಿಗ್ರಾಂ ಮಾತ್ರೆ ಸಿಕ್ಕರೆ ಎರಡು ನುಂಗಬೇಕು, ಇದನ್ನು ಮರೆಯಬೇಡಿ. ಸಾಮಾನ್ಯವಾಗಿ ಕಾರ್ಟಿಸೋಲ್ ಪ್ರತಿ ಡೆಸಿಲೀಟರಿಗೆ 1.8 ಮೈಕ್ರೊಗ್ರಾಂಗಿಂತ ಕೆಳಗಿಳಿಯುತ್ತದೆ.

ಇಳಿಯದಿದ್ದರೆ ಕೂಡಲೇ ಗಾಬರಿ ಬೇಡ. ಫಿಟ್ಸ್‌ಗೆ ಫೆನಿಟಾಯಿನ್, ಟಿಬಿಗೆ ರಿಫಾಂಪಿಸಿನ್ ತಗೊಳ್ಳುವವರ ಲಿವರ್ ಡೆಕ್ಸಾಮೆಥಾಸೋನನ್ನು ಬೇಗ ಕರಗಿಸಿಬಿಡುತ್ತದೆ. ಹಾಗಾಗಿ ಕಾರ್ಟಿಸೋಲ್ ಇಳಿಯದೆ, ಇಲ್ಲದ ರೋಗ ರಿಪೋರ್ಟಿನಲ್ಲಿ ಕಾಣುತ್ತದೆ. ಆ ಗುಳಿಗೆಗಳನ್ನು ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಅಂಥವರಿಗೆ ರಾತ್ರಿ ಉಗುಳಿನ ಪರೀಕ್ಷೆಯೇ ವಾಸಿ: 11ರಿಂದ 12ರೊಳಗೆ, ಎರಡು ಬೇರೆ ರಾತ್ರಿ. ಅದಕ್ಕೆ ಮೊದಲು ಬೀಡಿ ಸೇದಬೇಡಿ, ಹಲ್ಲುಜ್ಜಬೇಡಿ. ವಸಡಿನ ರಕ್ತ ಬೆರೆತರೂ ಅಂಕಿ ಏರುತ್ತದೆ. ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ರಾತ್ರಿಯಿಡೀ ಎಚ್ಚರವಿದ್ದ ದಿನಗಳಲ್ಲಂತೂ ಈ ಪರೀಕ್ಷೆ ಬೇಡ. ನಿದ್ದೆಯ ಹೊತ್ತು ಕೆಟ್ಟರೆ ಕಾರ್ಟಿಸೋಲ್‌ನ ರಾತ್ರಿಯ ಇಳಿತವೂ ಕೆಡುತ್ತದೆ.