ಅಮ್ಮನ ಪೊರೆ ಆಪರೇಷನ್‌ಗೆ ಎಷ್ಟು ದುಡ್ಡು ಹೊಂದಿಸಬೇಕು

ಮಂಜು, ನೀನು ಕಳಿಸಿದ ಚೀಟಿಯ ಫೋಟೋ ನೋಡಿದೆ. ಹಾಸನದ ಆಸ್ಪತ್ರೆಯವರು ಮೂರು ಪ್ಯಾಕೇಜ್ ಬರೆದುಕೊಟ್ಟಿದ್ದಾರೆ: 22,000, 36,000, 85,000. “ಅಮ್ಮನಿಗೆ ಒಳ್ಳೆಯದೇ ಆಗಲಿ ದೊಡ್ಡಮ್ಮ, ಮೂರನೆಯದನ್ನೇ ಮಾಡಿಸ್ತೀನಿ” ಅಂದೆಯಲ್ಲ, ಸ್ವಲ್ಪ ತಡಿ. ಕಣ್ಣಾಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲೇ ಸರ್ವೀಸ್ ಮುಗಿಸಿದವಳು ನಾನು. ಮೊದಲು ಒಂದು ಮಾತು ತಿಳಿದುಕೋ: ಆ ಚೀಟಿಯಲ್ಲಿರುವುದು ಒಂದು ಕಣ್ಣಿನ, ಒಂದು ದಿನದ ಬೆಲೆ. ನಿನ್ನ ಅಮ್ಮನಿಗೆ ಎರಡು ಕಣ್ಣಿಗೂ ಪೊರೆ ಬಂದಿದೆ. ಮೊದಲ ಪರೀಕ್ಷೆಯಿಂದ ಹಿಡಿದು ಕೊನೆಯ ಕನ್ನಡಕದವರೆಗೆ ಆಗುವುದೇ ನಿಜವಾದ ಖರ್ಚು.

ಮೂರು ಬೆಲೆಗಳ ನಡುವಿನ ಅಂತರ ಬಹುಪಾಲು ಲೆನ್ಸಿನದು. ಪೊರೆ ತೆಗೆದ ಜಾಗದಲ್ಲಿ ಕೂರಿಸುವ ಲೆನ್ಸಿನಲ್ಲಿ ಮುಖ್ಯವಾಗಿ ಮೂರು ಬಗೆ. ಮೋನೋಫೋಕಲ್ ಒಂದೇ ದೂರಕ್ಕೆ ಸ್ಪಷ್ಟ. ಸಾಮಾನ್ಯವಾಗಿ ಅದನ್ನು ದೂರದ ನೋಟಕ್ಕೆ ಹೊಂದಿಸುತ್ತಾರೆ, ಓದುವುದಕ್ಕೆ ಕನ್ನಡಕ ಬೇಕಾಗುತ್ತದೆ. ಟೋರಿಕ್ ಎಂದರೆ ಅದರಲ್ಲೇ ಸಿಲಿಂಡರ್ ನಂಬರನ್ನೂ ಸರಿಪಡಿಸುವಂಥದ್ದು. ಕಣ್ಣಿನಲ್ಲಿ ಸಿಲಿಂಡರ್ ಇಲ್ಲದವರಿಗೆ ಅದರಿಂದ ಏನೂ ಲಾಭವಿಲ್ಲ. ಮಲ್ಟಿಫೋಕಲ್ ದೂರ, ಹತ್ತಿರ ಎರಡನ್ನೂ ತೋರಿಸುತ್ತದೆ. ಅದಕ್ಕಾಗಿ ಅದು ಬೆಳಕನ್ನು ಹಂಚಿಕೊಡಬೇಕು. ಹಾಗಾಗಿ ನೋಟದ ಹರಿತ ತುಸು ಕಡಿಮೆಯಾಗುತ್ತದೆ, ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆಯಂಥ ಪ್ರಭೆ ಕಾಣುತ್ತದೆ. ಇನ್ನು ‘ಇಂಪೋರ್ಟೆಡ್’ ಎಂದು ಕೌಂಟರಿನಲ್ಲಿ ಒತ್ತಿ ಹೇಳುತ್ತಾರಲ್ಲ, ಅದು ಲೆನ್ಸಿನ ಬಗೆಯಲ್ಲ, ಎಲ್ಲಿ ತಯಾರಾಯಿತು ಎನ್ನುವುದಷ್ಟೆ. ಚೀಟಿಯಲ್ಲಿ ಕಂಪನಿಯ ಹೆಸರು, ಮಾಡೆಲ್ ನಂಬರ್ ಬರೆಸಿಕೋ. ಆಪರೇಷನ್ ಆದ ಮೇಲೆ ಲೆನ್ಸಿನ ಡಬ್ಬಿಯ ಸ್ಟಿಕ್ಕರನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿ ಕೊಡುತ್ತಾರೆ. ಅದರಲ್ಲಿ ಅದೇ ಮಾಡೆಲ್, ಅದೇ ಪವರ್ ಇದೆಯೇ ನೋಡಿಕೋ.

ಯಾವ ಲೆನ್ಸ್ ಎನ್ನುವುದು ನಿನ್ನ ಜೇಬನ್ನು ನೋಡಿ ತೀರ್ಮಾನವಾಗುವುದಲ್ಲ, ಅಮ್ಮನ ಕಣ್ಣನ್ನೂ ಅವಳ ದಿನಚರಿಯನ್ನೂ ನೋಡಿ ಆಗಬೇಕಾದ್ದು. ನನ್ನ ತಂಗಿ ದಿನವಿಡೀ ಸೀರೆಗೆ ಕುಚ್ಚು ಕಟ್ಟುವವಳು, ಹತ್ತಿರದ ನೋಟ ಚೆನ್ನಾಗಿರಬೇಕು ಎಂದು ನೀನು ಯೋಚಿಸಿದ್ದು ಸರಿಯೇ. ಆದರೆ ಅವಳಿಗೆ ಸಕ್ಕರೆ ಕಾಯಿಲೆಯಿದೆ. ಹೋದ ಸಲ ಡಾಕ್ಟರು ರೆಟಿನಾದಲ್ಲಿ ಸಕ್ಕರೆಯ ಗುರುತು ಶುರುವಾಗಿದೆ ಎಂದರಂತಲ್ಲ. ರೆಟಿನಾ ಮುಂದೆ ಮಂಕಾಗುವ ಸಾಧ್ಯತೆ ಇರುವವರಿಗೆ ಬೆಳಕು ಹಂಚುವ ಲೆನ್ಸ್ ಹಾಕಲು ಅನುಭವಿ ಡಾಕ್ಟರುಗಳು ಹಿಂಜರಿಯುತ್ತಾರೆ. ಗ್ಲಾಕೋಮಾ ಇದ್ದವರ ವಿಷಯದಲ್ಲೂ ಹಾಗೆಯೇ. ಆದ್ದರಿಂದ ಕೌನ್ಸೆಲರ್ ಹೇಳಿದ್ದಕ್ಕೆ ಹೂಂ ಅನ್ನಬೇಡ. ರೆಟಿನಾದ ಸ್ಕ್ಯಾನ್ ಮಾಡಿಸಿ, ಅದನ್ನು ಸರ್ಜನ್ ಮುಂದಿಟ್ಟು, “ಈ ಕಣ್ಣಿಗೆ ಮಲ್ಟಿಫೋಕಲ್ ಆಗುತ್ತದೆಯೇ?” ಎಂದು ನೇರವಾಗಿ ಕೇಳು. ನನ್ನ ಅಂದಾಜಿನಲ್ಲಿ ಅವಳಿಗೆ ಮೋನೋಫೋಕಲ್ಲೇ ಸರಿ, ಕುಚ್ಚಿಗೆ ಓದುವ ಕನ್ನಡಕ ಸಾಕು. ಕೊನೆಯ ಮಾತು ಸರ್ಜನ್ನರದು.

ಈಗ 36,000ದ ಪ್ಯಾಕೇಜನ್ನೇ ಹಿಡಿದು ಲೆಕ್ಕ ಹಾಕೋಣ. ನಿಮ್ಮ ಕಡೆಯ ದರ ಕೇಳಿಕೊಂಡು ಹಾಕಿದ ಅಂದಾಜು ಇದು, ನೀನು ವಿಚಾರಿಸಿ ತಿದ್ದಿಕೋ. ಎರಡು ಕಣ್ಣಿಗೆ 72,000. ಲೆನ್ಸಿನ ಪವರ್ ಗೊತ್ತುಮಾಡುವ ಬಯೋಮೆಟ್ರಿ, ರಕ್ತಪರೀಕ್ಷೆ, ಇಸಿಜಿ, ಫಿಸಿಷಿಯನ್ ಫಿಟ್‌ನೆಸ್, ರೆಟಿನಾ ಸ್ಕ್ಯಾನ್ ಸೇರಿ 4,500. ಇವು ಅನೇಕ ಕಡೆ ಪ್ಯಾಕೇಜಿನ ಹೊರಗೇ ಇರುತ್ತವೆ. ಎರಡನೆಯ ಕಣ್ಣಿನ ಹೊತ್ತಿಗೆ ಸಕ್ಕರೆ ಇತ್ಯಾದಿ ಮತ್ತೆ ನೋಡುತ್ತಾರೆ, 1,000 ಇಡು. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಡ್ರಾಪ್ಸ್ ಹಾಕಬೇಕು. ಮೊದಲು ದಿನಕ್ಕೆ ಹಲವು ಸಲ, ಆಮೇಲೆ ವಾರವಾರ ಇಳಿಸುತ್ತಾ ಬರುತ್ತಾರೆ. ಎರಡು ಕಣ್ಣಿಗೆ 2,400.

ಎಲ್ಲರೂ ಮರೆಯುವುದು ಓಡಾಟವನ್ನು. ಸಾಮಾನ್ಯವಾಗಿ ಮರುದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ ತೋರಿಸಬೇಕು. ಮೊದಲ ಕಣ್ಣಿನ ತಿಂಗಳ ತಪಾಸಣೆ ಮತ್ತು ಎರಡನೆಯ ಕಣ್ಣಿನ ಆಪರೇಷನ್ ಒಂದೇ ದಿನ ಇಟ್ಟುಕೊಂಡರೂ ಅರಸೀಕೆರೆಯಿಂದ ಹಾಸನಕ್ಕೆ ಎಂಟು ಸಲ ಹೋಗಬೇಕಾಗುತ್ತದೆ. ಆಪರೇಷನ್ ದಿನ ಮತ್ತು ಮರುದಿನ ಬಸ್ಸಿನ ಧೂಳು, ನೂಕುನುಗ್ಗಲು ಬೇಡ. ಆ ನಾಲ್ಕು ಸಲ ಕಾರು ಮಾಡು, 8,000. ಉಳಿದ ನಾಲ್ಕು ಸಲ ಬಸ್ಸಿನಲ್ಲಿ ಇಬ್ಬರಿಗೆ 1,200. ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ ಎನ್ನುವ ಮೊದಲು ಈ ಎಂಟನ್ನು ನೆನೆಸಿಕೋ. ಕನ್ನಡಕದ ನಂಬರ್ ನಿಲ್ಲುವುದು ಎರಡನೆಯ ಕಣ್ಣು ವಾಸಿಯಾದ ಮೇಲೆ, ಅಲ್ಲಿಯವರೆಗೆ 300 ರೂಪಾಯಿಯ ಓದುವ ಕನ್ನಡಕ ಸಾಕು. ಆಮೇಲೆ 3,000ಕ್ಕೆ ಒಂದು ಒಳ್ಳೆಯದು. ಕೂಡಿದರೆ 92,400.

ಆಸ್ಪತ್ರೆಯಲ್ಲಿ ಇರುವ ಖರ್ಚು ಇದರಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ. ಫೇಕೋ ವಿಧಾನದಲ್ಲಿ ಡ್ರಾಪ್ಸ್ ಹಾಕಿ ಮರಗಟ್ಟಿಸಿ ಆಪರೇಷನ್ ಮಾಡುತ್ತಾರೆ, ಕೆಲವು ಗಂಟೆಯಲ್ಲಿ ಮನೆಗೆ ಬರಬಹುದು. ಇನ್ಶೂರೆನ್ಸ್ ಸಿಗಲು ಒಂದು ರಾತ್ರಿ ಮಲಗಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡ. ಇದು ಡೇ ಕೇರ್ ಚಿಕಿತ್ಸೆ, ಇಪ್ಪತ್ತನಾಲ್ಕು ಗಂಟೆಯ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ. ಸಕ್ಕರೆ ತೀರಾ ಏರಿದ್ದರೆ, ಹೃದಯದ ತೊಂದರೆಯಿದ್ದರೆ ಮಾತ್ರ ಉಳಿಸಿಕೊಳ್ಳುವ ಮಾತು. ಸಕ್ಕರೆ ಏರಿದ್ದರೆ ಆಪರೇಷನ್ನನ್ನೇ ಮುಂದೂಡುವುದೂ ಉಂಟು. ಆಗ ಕೆಲವು ಪರೀಕ್ಷೆಗಳ ದುಡ್ಡು ಮತ್ತೆ ಬೀಳುತ್ತದೆ, ಅಮ್ಮನ ಮಾತ್ರೆ ಈಗಿನಿಂದಲೇ ತಪ್ಪದಿರಲಿ.

ನೀನು ಅಮ್ಮನಿಗೆ ಮಾಡಿಸಿರುವುದು 3 ಲಕ್ಷದ ಆರೋಗ್ಯ ಸಂಜೀವನಿ. ಅದರಲ್ಲಿ ಪೊರೆಗೆ ಒಂದು ಕಣ್ಣಿಗೆ ಗರಿಷ್ಠ 40,000, ಇಲ್ಲವೇ ವಿಮೆ ಮೊತ್ತದ ಕಾಲು ಭಾಗ, ಯಾವುದು ಕಡಿಮೆಯೋ ಅಷ್ಟು. ನಿನಗೆ 40,000 ಅನ್ವಯ. ಶೇಕಡ 5 ನೀನು ಭರಿಸಬೇಕು. ಪಾಲಿಸಿ ಆರಂಭವಾಗಿ 24 ತಿಂಗಳು ತುಂಬಿರಲೇಬೇಕು, ಮೊದಲು ಆ ದಿನಾಂಕ ನೋಡು. ತುಂಬಿದ್ದರೆ 72,000ದಲ್ಲಿ 68,400 ವಿಮೆಯಿಂದ ಬಂದು ನಿನ್ನ ಕೈಯಿಂದ ಹೋಗುವುದು 24,000. 85,000ದ ಪ್ಯಾಕೇಜಾದರೆ ಮಿತಿ ದಾಟಿದ್ದೆಲ್ಲ ನಿನ್ನದೇ, ಎರಡು ಕಣ್ಣಿನ ಪ್ಯಾಕೇಜಿಗೇ 90,000ಕ್ಕೆ ಕಡಿಮೆಯಿಲ್ಲ. ಆಪರೇಷನ್ನಿಗೆ ಮುಂಚಿನ 30 ದಿನದ ಮತ್ತು ನಂತರದ 60 ದಿನದ ವೈದ್ಯಕೀಯ ಬಿಲ್ಲುಗಳನ್ನೂ ಕೇಳಲು ಅವಕಾಶವಿದೆ. ಡ್ರಾಪ್ಸಿನ ಚೀಟಿಯನ್ನೂ ಎಸೆಯಬೇಡ. ವಿಮೆ ಇಲ್ಲದವರು ಸಂಕೋಚಪಡದೆ ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿನ ಮಿಂಟೋಗೋ ಹೋಗಬೇಕು.

ಇನ್ನೊಂದು 15,000 ಬೇರೆಯಾಗಿ ಇಡು. ಪೊರೆ ತೀರಾ ಗಟ್ಟಿಯಾಗಿದ್ದರೆ, ಲೆನ್ಸ್ ಕೂರುವ ತೆಳು ಚೀಲ ಹರಿದರೆ, ಅಲ್ಲೇ ಬೇರೆ ಚಿಕಿತ್ಸೆ, ಬೇರೆ ಲೆನ್ಸ್ ಬೇಕಾಗಬಹುದು. ಅಪರೂಪ, ಆದರೂ ಅದರ ದುಡ್ಡು ಪ್ಯಾಕೇಜಿನಲ್ಲಿದೆಯೇ ಎಂದು ಮೊದಲೇ ಕೇಳಿ ಬರೆಸಿಕೋ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಅದೇ ಚೀಲ ಮಸುಕಾಗುವುದು ಮಾತ್ರ ಅಪರೂಪವಲ್ಲ. ಜನ ಅದನ್ನು ‘ಪೊರೆ ಮತ್ತೆ ಬಂತು’ ಎನ್ನುತ್ತಾರೆ. ಯಾಗ್ ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ, ಅದರ ಶುಲ್ಕ ಬೇರೆ.

ತುರ್ತಿಗೆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎನ್ನುವುದನ್ನು ಡಿಸ್ಚಾರ್ಜ್ ದಿನವೇ ಕೇಳಿ ನಂಬರ್ ಬರೆದುಕೋ. ಆಪರೇಷನ್ ಆದ ದಿನಗಳಲ್ಲಿ ಕಣ್ಣು ಕೆಂಪಾಗಿ, ನೋವು ಏರಿ, ಸ್ಪಷ್ಟವಾಗಿದ್ದ ನೋಟ ಮಂಕಾದರೆ ಅದು ಒಳಗಿನ ಸೋಂಕಿರಬಹುದು. ಆಗ ವಾರದ ತಪಾಸಣೆಗೆ ಕಾಯಬೇಡ, ಖರ್ಚಿನ ಲೆಕ್ಕವನ್ನೂ ನೋಡಬೇಡ. ಆ ರಾತ್ರಿಯೇ ಕಾರು ಮಾಡಿಕೊಂಡು ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು.